ಟೋಪಿ ಹಾಕಿದ ಅಕ್ಷರಗಳು

ಕನ್ನಡ ಯಶಸ್ವಿಯಾಗಿ ಇನ್‌ಸ್ಟಾಲ್ ಆಗಿದೆ ಎಂದು ಆ ಹಾಳು ಲ್ಯಾಪ್‌ಟಾಪ್ ಮೂರನೇ ಸಲ ಹೇಳಿದಾಗ, ಅದನ್ನು ವಾರ್ಡಿನ ಕಿಟಕಿಯಿಂದ ಆಚೆ ಬಿಸಾಕಬೇಕು ಅನ್ನಿಸಿತು. ಯಶಸ್ಸಂತೆ ಯಶಸ್ಸು! ಮಂಚದ ಮೇಲೆ ಒರಗಿ ಕೂತ ನನ್ನ ಯಜಮಾನರು ಕೀಲಿಗಳನ್ನು ಕುಟ್ಟುತ್ತಿದ್ದರು. ಪರದೆಯ ಮೇಲೆ ಬರುತ್ತಿದ್ದದ್ದು ಕನ್ನಡವಲ್ಲ, ತಲೆಗೆ ಟೋಪಿ ಹಾಕಿಕೊಂಡ, ಹಿಂದೆ ಬಾಲ ಬಿಟ್ಟ ಇಂಗ್ಲಿಷ್ ಅಕ್ಷರಗಳು.

ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗುತ್ತಿದ್ದ ಮನುಷ್ಯ ಅವರು. ಈಗ ಗಂಟಲಲ್ಲಿ ಗಡ್ಡೆ, ಕುತ್ತಿಗೆಗೆ ಉಸಿರಾಟದ ಕೊಳವೆ, ಬಾಯಿ ಆಡಿಸಿದರೆ ಬರೀ ಗಾಳಿ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಸಂಜೆ ಬಂದಾಗ ನಿಮ್ಮ ನಿರ್ಧಾರ ಹೇಳಿ ಎಂದಿದ್ದರು ಡಾಕ್ಟರು. "ಅದರಲ್ಲಿ ಕೇಳೋದೇನಿದೆ, ಮಾಡಿ" ಎಂದು ನಾನು ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಆ ಕ್ಷಣದಿಂದ ಇವರಿಗೆ ಏನೋ ಹೇಳಬೇಕಾಗಿದೆ. ಪೆನ್ನು ಕೊಟ್ಟರೆ ಕಾಗೆ ಕಾಲು ಗುಬ್ಬಿ ಕಾಲು. ಅವರ ಬರಹ ಅವರಿಗೇ ಓದಲು ಬಾರದು. ತರಕಾರಿ ಮಂಡಿಯ ಕಂಪ್ಯೂಟರಿನಲ್ಲಿ ಮಾತ್ರ ಕಣ್ಣುಮುಚ್ಚಿ ಟೈಪ್ ಮಾಡುತ್ತಿದ್ದರು. ಅದಕ್ಕೇ ನನ್ನ ತಮ್ಮ ಅಲ್ಲಿನದೇ ಹಳೆಯ ಟೈಪಿಂಗ್ ಸಾಫ್ಟ್‌ವೇರ್ ತಂದು ಹಾಕಿದ್ದ.

"ಅಕ್ಕಾ, ಎಲ್ಲಾ ಸರಿಯಾಗೇ ಇದೆ. ಚೆನ್ನಾಗಿರೋ ಹೊಸ ಕನ್ನಡ ಫಾಂಟೇ ಹಾಕಿದೀನಿ. ಇನ್ನೊಂದ್ಸಲ ಹಾಕಿ ನೋಡ್ಲಾ?"

"ಮೂರು ಸಲ ಹಾಕಿದ್ದು ಸಾಲ್ದಾ? ನಿನ್ನ ಕೈಗೆ ಕೊಟ್ಟಿದ್ದು ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು!"

ಯಜಮಾನರು ಲ್ಯಾಪ್‌ಟಾಪಿನ ಅಂಚನ್ನು ಬೆರಳಿನಿಂದ ಟಕಟಕ ಬಡಿದರು. ಮತ್ತೆ ಟೈಪ್ ಮಾಡಿದರು. ಮತ್ತೆ ಟೋಪಿ, ಬಾಲ. "ರೀ, ಸುಮ್ನಿರ್ರೀ ಸ್ವಲ್ಪ, ಕಸ ತುಂಬ್ತಿದೀರ ಅಷ್ಟೇ" ಎಂದು ರೇಗಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಲ್ಯಾಪ್‌ಟಾಪ್ ಕಂಕುಳಿಗೆ ಸಿಕ್ಕಿಸಿಕೊಂಡು ಎದುರು ರಸ್ತೆಯ ಡಿಟಿಪಿ ಅಂಗಡಿಗೆ ನಡೆದೆ.

ಅಂಗಡಿಯಾಕೆ ಕನ್ನಡಕ ಮೇಲೇರಿಸಿ ಪರದೆ ನೋಡಿದಳು. "ಫಾಂಟ್ ಕೆಟ್ಟಿಲ್ಲಮ್ಮ. ಕೀಬೋರ್ಡು ಹಳೇ ಲೆಕ್ಕದಲ್ಲಿ ಬರೀತಿದೆ, ನೀವು ಹಚ್ಚಿರೋದು ಹೊಸ ಲೆಕ್ಕದ ಯೂನಿಕೋಡ್ ಫಾಂಟು. ಹಳೇ ಲೆಕ್ಕದಲ್ಲಿ ಕನ್ನಡ ಕೂರೋದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಅದರ ಜೋಡಿ ಫಾಂಟ್ ಹಚ್ಚಿದ್ರೆ ಮಾತ್ರ ಕನ್ನಡ ಕಾಣತ್ತೆ. ಎಷ್ಟು ಸಲ ಇನ್‌ಸ್ಟಾಲ್ ಮಾಡಿದ್ರೂ ಇಷ್ಟೇ."

"ಹಾಗಾದ್ರೆ ಈ ಕಸ ಅಳಿಸಿ, ಮೊದಲಿಂದ ಶುರು ಮಾಡಿ."

"ಅಯ್ಯೋ, ಅಳಿಸ್ಬೇಡಿ! ಇದು ಕಸ ಅಲ್ಲ. ಬರೆದಿದ್ದೆಲ್ಲಾ ಹಾಗೇ ಇದೆ."

ಎಲ್ಲವನ್ನೂ ಒಟ್ಟಿಗೆ ಆಯ್ದು, ಸಾಫ್ಟ್‌ವೇರಿನ ಜೊತೆಗೇ ಬಂದು ಪಟ್ಟಿಯ ತಳದಲ್ಲಿ ಬಿದ್ದಿದ್ದ ಹಳೆಯ ಫಾಂಟನ್ನು ಒತ್ತಿದಳು. ಟೋಪಿಗಳೆಲ್ಲ ಒಮ್ಮೆಲೇ ಬಿದ್ದುಹೋದವು. ಬೆಳಗಿನಿಂದ ಅವರು ಕುಟ್ಟಿದ್ದೆಲ್ಲ ಕನ್ನಡವಾಗಿ ನನ್ನೆದುರು ನಿಂತಿತು.

*ಡಾಕ್ಟರಿಗೆ ಮಾಡಿ ಅಂದೆಯಲ್ಲ, ನನ್ನ ಕೇಳಿದೆಯಾ?*

*ಗಂಟಲು ಯಾರದ್ದು ಕಣೇ?*

*ನಿನ್ನ ತಮ್ಮನಿಗೆ ಊಟ ಮಾಡೋಕೆ ಹೇಳು. ಬೆಳಗಿಂದ ಏನೂ ತಿಂದಿಲ್ಲ.*

*ಆ ಕಂಪ್ಯೂಟರ್ ಪೆಟ್ಟಿಗೆ ನೋಡಿದ್ದು ಸಾಕು. ನನ್ನ ಮುಖ ನೋಡು.*

*ನನ್ನ ಮಾತು ನಾನೇ ಆಡಬೇಕು. ಇನ್ನೊಂದೇ ಸಲ.*

ಕೊನೆಯ ಸಾಲು ಮುಗಿಯುವಷ್ಟರಲ್ಲಿ ನನ್ನ ಕಣ್ಣು ಮಂಜಾಗಿತ್ತು. ಇದನ್ನೇ ನಾನು ಕಸ ಅಂದಿದ್ದೆ. ಅಂಗಡಿಯಾಕೆ ಬೇಕೆಂದೇ ಪ್ರಿಂಟರಿನ ಕಡೆ ತಿರುಗಿ ಹಾಳೆ ಜೋಡಿಸತೊಡಗಿದಳು. "ಹೊಸ ಫೈಲ್ ತೆಗೆದರೂ ಇದೇ ಫಾಂಟ್ ಬರೋ ಹಾಗೆ ಮಾಡಿದೀನಿ. ಹೋಗಿಬನ್ನಿ" ಎಂದಳು.

ನಾನು ವಾರ್ಡಿಗೆ ಬರುವಾಗ ಡಾಕ್ಟರು ಮಂಚದ ಪಕ್ಕದಲ್ಲೇ ನಿಂತಿದ್ದರು. ವಾಡಿಕೆಯಂತೆ ನನ್ನ ಕಡೆಗೇ ತಿರುಗಿ, "ಏನಮ್ಮ, ಆಪರೇಷನ್‌ಗೆ ಒಪ್ಪಿಗೆ ತಾನೇ?" ಎಂದರು.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಲ್ಯಾಪ್‌ಟಾಪನ್ನು ಯಜಮಾನರ ತೊಡೆಯ ಮೇಲಿಟ್ಟು, "ನನ್ನ ಕೇಳ್ಬೇಡಿ ಡಾಕ್ಟ್ರೇ, ಅವರನ್ನ ಕೇಳಿ" ಎಂದೆ.

ಯಜಮಾನರು ಪರದೆ ನೋಡಿದರು. ತಮ್ಮ ಸಾಲುಗಳೆಲ್ಲ ಓದುವಂತಾಗಿದ್ದದ್ದನ್ನು ಕಂಡು ನನ್ನನ್ನು ನೋಡಿದರು. ನಾನೂ ಈ ಸಲ ಅವರ ಮುಖವನ್ನೇ ನೋಡಿದೆ. ಆಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ, ಮಂಡಿಯ ಕಟ್ಟೆಯ ಮೇಲೆ ನಿಂತವರ ಗತ್ತಿನಲ್ಲಿ ಒಂದೊಂದೇ ಕೀಲಿ ಒತ್ತಿದರು.

*ಒಂದು ಸಲ.*

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ಅದು ಅವರ ಹರಾಜಿನ ಕೂಗು.

*ಎರಡು ಸಲ.*

ಇಲ್ಲಿ ಅವರು ಯಾವಾಗಲೂ ಸ್ವಲ್ಪ ತಡೆಯುತ್ತಿದ್ದರು, ಯಾರಾದರೂ ಹೆಚ್ಚಿಗೆ ಕೂಗುತ್ತಾರೇನೋ ಎಂದು. ಈಗಲೂ ತಡೆದರು. ಇಡೀ ವಾರ್ಡಿನಲ್ಲಿ ಯಾರೂ ಏನೂ ಕೂಗಲಿಲ್ಲ.

*ಮೂರು ಸಲ* ಎಂದು ಒತ್ತಿ, ಹರಾಜು ಮುಗಿಸಿ ಮಾಲು ಕೊಟ್ಟೆ ಎನ್ನುವಾಗ ಬಡಿಯುತ್ತಿದ್ದಂತೆಯೇ, ಅಂಗೈಯಿಂದ ಮಂಚದ ಕಂಬಿಗೆ ಬಡಿದರು.