ಬಾಗಿಲು ತೆರೆದಿರುವ ಹೊತ್ತು

ತಮ್ಮನಿಗೆ ಬುದ್ಧಿ ಹೇಳುವುದೆಂದರೆ ಅಕ್ಕನಿಗೆ ಮೊದಲಿನಿಂದಲೂ ಎಲ್ಲಿಲ್ಲದ ಹುರುಪು. ಮುಂದಿನ ವರ್ಷ ಅವನೂ ಪರದೇಶದಲ್ಲಿ ಅವಳು ಓದುವ ಯೂನಿವರ್ಸಿಟಿಗೇ ಬರುವವನು. ಅಲ್ಲಿಂದ ಬಂದ ಕಾಗದಗಳ ಒಂದು ಪದವೂ ತಲೆಗೆ ಹೋಗುತ್ತಿಲ್ಲ, ಬಿಡಿಸಿ ಬರಿ ಎಂದು ಕೇಳಿದ್ದ. ಅವಳು ಲ್ಯಾಪ್‌ಟಾಪ್ ತೆರೆದು ಕೂತಳು.

"ಡಾರ್ಮ್ ಅಂದ್ರೆ ನಮ್ಮ ಹಾಸ್ಟೆಲ್ಲೇ ಕಣೋ, ಆದ್ರೆ ಬೆತ್ತ ಹಿಡಿದ ವಾರ್ಡನ್ ಇಲ್ಲ. ಒಬ್ಬ ಹಿರಿಯ ವಿದ್ಯಾರ್ಥಿನೇ ಮಹಡಿ ನೋಡ್ಕೋತಾನೆ. ಬಾಗಿಲು ತಾನಾಗೇ ಲಾಕ್ ಆಗುತ್ತೆ. ಸ್ನಾನಕ್ಕೆ ಹೋಗುವಾಗಲೂ ಬಾಗಿಲು ತೆಗೆಯೋ ಕಾರ್ಡ್ ಕೊರಳಲ್ಲಿರ್ಲಿ, ಇಲ್ದಿದ್ರೆ ಟವೆಲ್ ಸುತ್ಕೊಂಡು ಕಾರಿಡಾರಲ್ಲಿ ನಿಲ್ತೀಯ."

ಅವಳ ಕೋಣೆಯಲ್ಲಿ ಎರಡು ಮಂಚ, ಎರಡು ಮೇಜು, ನಡುವೆ ಒಬ್ಬರು ಅಡ್ಡವಾಗಿ ಹೋಗುವಷ್ಟು ಜಾಗ. ಕಿಟಕಿ ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಜೊತೆಯವಳು ಕಿವಿಗೆ ಹೆಡ್‌ಫೋನ್ ಹಾಕಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಅವಳ ಕಣ್ಣಿಗೆ ಬೀಳದಂತೆ ಅಳಲೂ ಇಲ್ಲಿ ಮೂಲೆಯಿಲ್ಲ.

"ಸಿಲಬಸ್ ಅಂದ್ರೆ ಬರೀ ಪಾಠಗಳ ಪಟ್ಟಿ ಅಂದ್ಕೋಬೇಡ. ಅದು ಮೇಷ್ಟ್ರು ನಿನ್ನ ಜೊತೆ ಮಾಡ್ಕೊಳ್ಳೋ ಕರಾರು. ಯಾವ ವಾರ ಏನು ಓದ್ಬೇಕು, ಹೋಮ್‌ವರ್ಕಿಗೆ ಎಷ್ಟು, ಪರೀಕ್ಷೆಗೆ ಎಷ್ಟು ಅಂಕ, ತಡವಾದ್ರೆ ದಿನಕ್ಕೆ ಎಷ್ಟು ಕಡಿತ, ಎಲ್ಲಾ ಮೊದಲ ದಿನವೇ ಬರೆದಿರುತ್ತೆ. ಆಮೇಲೆ ಯಾರೂ ನೆನಪು ಮಾಡಲ್ಲ."

ಇಷ್ಟು ಬರೆದು ಅವಳು ಮೇಜಿನ ಮೇಲಿದ್ದ ತನ್ನ ಸಿಲಬಸ್ಸನ್ನು ಮಗುಚಿಟ್ಟಳು. ಅಂಕಿಅಂಶ ಶಾಸ್ತ್ರದ ಮಧ್ಯಾವಧಿ ಪರೀಕ್ಷೆಯಲ್ಲಿ ಅವಳು ಮುಗ್ಗರಿಸಿದ್ದಳು. ಆ ಕೋರ್ಸನ್ನು ಕೈಬಿಟ್ಟರೆ ವೀಸಾಕ್ಕೆ ಬೇಕಾದಷ್ಟು ತರಗತಿ ಉಳಿಯುವುದಿಲ್ಲ. ಬಿಡದೆ ಫೇಲಾದರೆ ವಿದ್ಯಾರ್ಥಿವೇತನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಎರಡೂ ದಾರಿ ಮುಟ್ಟುವುದು ಮನೆಗೇ. ನಡುವೆ ಒಂದೇ ಒಂದು ಕಿಂಡಿಯಿತ್ತು. ತಪ್ಪಿದ ಲೆಕ್ಕಗಳನ್ನು ತಿದ್ದಿ ತಂದು, ಎಲ್ಲಿ ಎಡವಿದೆನೆಂದು ಬಾಯಲ್ಲೇ ವಿವರಿಸಿದರೆ ಕಳೆದ ಅಂಕದಲ್ಲಿ ಅರ್ಧ ವಾಪಸ್. ಅದೂ ಆಫೀಸ್ ಅವರ್ಸ್‌ನಲ್ಲಿ ಮಾತ್ರ. ಇವತ್ತೇ ಕೊನೆ.

"ಆಫೀಸ್ ಅವರ್ಸ್ ಅಂದ್ರೆ ಮೇಷ್ಟ್ರು ವಾರಕ್ಕೊಮ್ಮೆ ತಮ್ಮ ಕೋಣೇಲಿ ಬಾಗಿಲು ತೆರೆದು ಕೂರೋ ಹೊತ್ತು. ಆಗ ಅಪ್ಪಣೆ ಕೇಳ್ಬೇಕಿಲ್ಲ, ಯಾರು ಬೇಕಾದ್ರೂ ಹೋಗ್ಬಹುದು. ಆ ಹೊತ್ತಿಗೆ ನಿಂಗೆ ಬೇರೆ ಕ್ಲಾಸಿದ್ರೆ ಮೇಲ್ ಹಾಕಿ ಬೇರೆ ಸಮಯ ಕೇಳು. ಬರಿಗೈಲಿ ಹೋಗ್ಬೇಡ, ನೀನು ಮಾಡಿ ನೋಡಿದ ಲೆಕ್ಕ ಜೊತೇಲಿರ್ಲಿ. ಹೆದರೋದಕ್ಕೆ ಏನಿಲ್ಲ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಪ್ರತಿ ವಾರ ಅವಳು ಆ ಬಾಗಿಲ ತನಕ ಹೋಗಿ, ನೀರು ಕುಡಿಯುವವಳಂತೆ ನಲ್ಲಿ ಹತ್ತಿರ ನಿಂತು ವಾಪಸ್ ಬಂದಿದ್ದಳು. ಅವಳು ಓದಿದ ಶಾಲೆಯಲ್ಲಿ ಸ್ಟಾಫ್ ರೂಮಿಗೆ ಹೋಗುತ್ತಿದ್ದುದು ಬೈಸಿಕೊಳ್ಳುವವರು. ಅವಳು ಯಾವತ್ತೂ ಹೋಗಿರಲಿಲ್ಲ, ತಮ್ಮ ದಿನವೂ ಹೋಗುತ್ತಿದ್ದ.

ಪತ್ರ ಕಳಿಸಿದ ಸ್ವಲ್ಪ ಹೊತ್ತಿಗೇ ಅವನ ಮರುಪ್ರಶ್ನೆ ಬಂತು. "ಎಲ್ಲಾ ಸರಿ ಅಕ್ಕ. ಒಳಗೆ ಹೋದ್ಮೇಲೆ ಮೊದಲು ಏನಂತ ಹೇಳ್ಬೇಕು? ನೀನು ಏನು ಹೇಳ್ದೆ?"

ಅವಳಿಗೆ ನಾಚಿಕೆಯಾಯಿತು. ಸುಳ್ಳು ಬರೆಯಲು ಹೊರಟಳು, ಸುಳ್ಳಿಗೂ ಮಾತು ಹೊಳೆಯಲಿಲ್ಲ. ನಾಚಿಕೆಗೆ ಕೋಪ ಬಂತು, ಕೋಪಕ್ಕೆ ಕಾಲು ಬಂತು. ತಪ್ಪುಗಳಿದ್ದ ಉತ್ತರಪತ್ರಿಕೆ ಎತ್ತಿಕೊಂಡು ಹೊರಟಳು.

ಬಾಗಿಲು ತೆರೆದಿತ್ತು. ಪ್ರೊಫೆಸರಮ್ಮ ಸೇಬು ಕಚ್ಚುತ್ತಾ ಒಬ್ಬರೇ ಕೂತಿದ್ದರು. ಇವಳನ್ನು ಕಂಡು ಎದುರಿನ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಕೆಳಗಿಟ್ಟರು.

"ಬನ್ನಿ. ಇಡೀ ತಿಂಗಳು ಇಲ್ಲಿ ಗೋಡೆ ನೋಡ್ತಾ ಕೂತಿದ್ದೀನಿ. ಎಲ್ಲಿ ಸಿಕ್ಕಿಹಾಕ್ಕೊಂಡ್ರಿ?"

ದಾರಿಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಚಂದದ ವಾಕ್ಯವೆಲ್ಲ ಆವಿಯಾಗಿ, ಅವಳ ಬಾಯಿಂದ ಮೂರೇ ಮಾತು ಬಿತ್ತು. "ನಂಗೆ ಏನೂ ಅರ್ಥವಾಗ್ಲಿಲ್ಲ."

"ಒಳ್ಳೇದಾಯ್ತು," ಎಂದರು ಅವರು ತಣ್ಣಗೆ. "ಮೊದಲನೇ ಲೆಕ್ಕದಿಂದಲೇ ಶುರು ಮಾಡೋಣ."

ಹೊತ್ತು ಮುಗಿಯುವಷ್ಟರಲ್ಲಿ ಅವಳು ತಿದ್ದಿ ವಿವರಿಸಿದ್ದು ಅರ್ಧ ಲೆಕ್ಕಗಳನ್ನಷ್ಟೇ. ಉಳಿದದ್ದಕ್ಕೆ ಗಡುವು ಮೀರಿತು, ಕರಾರು ಎಲ್ಲರಿಗೂ ಒಂದೇ ಎಂದು ಪ್ರೊಫೆಸರಮ್ಮ ಬೇಸರದಿಂದಲೇ ಹೇಳಿದರು. ಪಾಸಾಗುವುದು ಈಗ ಕೊನೆಯ ಪರೀಕ್ಷೆಯ ಕೈಯಲ್ಲಿತ್ತು. ಮೊದಲ ವಾರವೇ ಬಂದಿದ್ದರೆ ಎಂದುಕೊಳ್ಳುತ್ತಾ ಅವಳು ಹಾಳೆಗಳನ್ನು ಮಡಚಿಕೊಂಡಳು.

ಕೋಣೆಗೆ ಬಂದು ತಮ್ಮನಿಗೆ ಬರೆದಳು. "ಇವತ್ತೇ ಮೊದಲ ಸಲ ಹೋಗಿದ್ದು ಕಣೋ. ಅರ್ಥವಾಗ್ಲಿಲ್ಲ ಅಂತ ಹೇಳ್ಬೇಕು. ಅದನ್ನ ಹೇಳೋಕೆ ನಂಗೆ ಇಡೀ ತಿಂಗಳು ಹಿಡೀತು."

ಉತ್ತರ ತಕ್ಷಣ ಬಂತು.

"ಅಷ್ಟೇನಾ? ಅದನ್ನ ನಾನು ಒಂದನೇ ಕ್ಲಾಸಿಂದ ಹೇಳ್ತಾ ಇದ್ದೀನಲ್ಲ ಅಕ್ಕ. ನೀನೇ ನಗ್ತಿದ್ದೆ."