ಮೂರನೇ ಘಟಕದ ನಕ್ಷೆ

ಇರಣ್ಣ ಮೇಷ್ಟ್ರು ಹಾಳೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಿರುಗಿಸಿ ನೋಡಿ ವೇಣಿಯ ಕೈಗೆ ವಾಪಸು ಕೊಟ್ಟರು.

"ಇದು ಮೈಂಡ್ ಮ್ಯಾಪ್ ಅಲ್ರೀ. ಪುಸ್ತಕದ ಪರಿವಿಡೀನ ದುಂಡಗ ಬರದೀರಿ, ಅಷ್ಟ."

ವೇಣಿಗೆ ಮೈಯೆಲ್ಲ ಉರಿಯಿತು. ಎರಡು ಭಾನುವಾರ ಕೂತು ಬರೆದದ್ದು. ನಡುವೆ 'ಸಂಘಟನೆ' ಎಂದು ದೊಡ್ಡ ವೃತ್ತ. ಸುತ್ತ ಆರು ಕೊಂಬೆಗಳು: ಇಲಾಖೆಗಳ ವಿಂಗಡಣೆ, ಮೇಲ್ವಿಚಾರಣೆಯ ವ್ಯಾಪ್ತಿ, ಅಧಿಕಾರ ವಹಿಸುವುದು, ವಿಕೇಂದ್ರೀಕರಣ, ಲೈನ್ ಮತ್ತು ಸ್ಟಾಫ್, ಸಮನ್ವಯ. ಒಂದೊಂದಕ್ಕೂ ಒಂದೊಂದು ಬಣ್ಣ. ಘಟಕದ ಒಂದು ಉಪಶೀರ್ಷಿಕೆಯನ್ನೂ ಬಿಟ್ಟಿರಲಿಲ್ಲ.

"ಎಲ್ಲಾ ಪಾಯಿಂಟೂ ಇದೆಯಲ್ಲ ಸಾರ್?"

"ಅದಾವ. ಒಂದರ ಕೂಡ ಒಂದು ಮಾತಾಡವಲ್ಲವು. ಎಲ್ಲಾವೂ ನಡುವಿನ ವೃತ್ತಕ್ಕ ಜೋತುಬಿದ್ದಾವ. ಈ ಕೊಂಬಿಗೂ ಆ ಕೊಂಬಿಗೂ ಏನು ಸಂಬಂಧ? ಅದು ಕಾಣಬೇಕು. ಮುಂದಿನ ಶನಿವಾರ ತಗೊಂಡು ಬರ್ರಿ. ಅದ ಕಡೀ ದಿನ."

ಗದುಗಿನ ಕಡೆಯ ಇರಣ್ಣ ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು. ಟಿ. ದಾಸರಹಳ್ಳಿಯ ಈ ಅಧ್ಯಯನ ಕೇಂದ್ರದಲ್ಲಿ ಶನಿವಾರ ಮಧ್ಯಾಹ್ನ ಮ್ಯಾನೇಜ್‌ಮೆಂಟ್ ಡಿಪ್ಲೊಮಾದವರಿಗೆ ಪಾಠ ಮಾಡುತ್ತಿದ್ದರು. ಈ ನಕ್ಷೆಗೆ ಅವರ ಸಹಿ ಬೀಳದಿದ್ದರೆ ಈ ಸಲದ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಡಿಪ್ಲೊಮಾ ಇಲ್ಲ, ಡಿಪ್ಲೊಮಾ ಇಲ್ಲದೆ ವೇಣಿಗೆ ತನ್ನ ಕಾರ್ಖಾನೆಯಲ್ಲಿ ಲೈನ್ ಇನ್‌ಚಾರ್ಜ್ ಹುದ್ದೆ ಇಲ್ಲ. ಆ ಕೆಲಸವನ್ನು ಆರು ತಿಂಗಳಿಂದ ಅವಳೇ ಮಾಡುತ್ತಿದ್ದಳು. ಹೆಸರು ಮಾತ್ರ ಇರಲಿಲ್ಲ.

ಭಾನುವಾರ ಮತ್ತೆ ಪುಸ್ತಕ ಹಿಡಿದಳು. ಪುಸ್ತಕವೂ ಸಹಾಯ ಮಾಡಲಿಲ್ಲ. ವ್ಯಾಪ್ತಿಯ ಪಾಠದಲ್ಲಿ ವ್ಯಾಪ್ತಿ ಮಾತ್ರ, ಸಮನ್ವಯದ ಪಾಠದಲ್ಲಿ ಸಮನ್ವಯ ಮಾತ್ರ. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟು ಕೂತ ಹಾಗೆ. ಸಿಟ್ಟಿನಲ್ಲಿ ಎಲ್ಲ ಕೊಂಬೆಗಳಿಂದ ಎಲ್ಲ ಕೊಂಬೆಗಳಿಗೂ ಗೆರೆ ಎಳೆದಳು. ಹದಿನೈದು ಗೆರೆ. ಪ್ರತಿಯೊಂದರ ಮೇಲೂ 'ಸಂಬಂಧ ಇದೆ' ಎಂದು ಬರೆದಳು. ದೂರ ಹಿಡಿದು ನೋಡಿದರೆ ಬಲೆ ಕಂಡಿತು, ಬಲೆಯೊಳಗೆ ಏನೂ ಕಾಣಲಿಲ್ಲ. ಹರಿದು ಹಾಕಿದಳು.

ಪೀಣ್ಯದಲ್ಲಿ ಅವಳು ಕೆಲಸ ಮಾಡುವ ಶೆಡ್ಡಿನಲ್ಲಿ ಗಾಡಿಗಳ ವೈರಿಂಗ್ ಹಾರ್ನೆಸ್ ತಯಾರಾಗುತ್ತದೆ. ದೊಡ್ಡ ಹಲಗೆಯ ಮೇಲೆ ಗೂಟಗಳ ನಡುವೆ ವೈರುಗಳನ್ನು ಹಾಸಿ, ತುದಿಗಳನ್ನು ಕನೆಕ್ಟರಿಗೆ ಸಿಕ್ಕಿಸಿ, ಟೇಪು ಸುತ್ತಿ ಕಟ್ಟು ಮಾಡಬೇಕು. ಆಮೇಲೆ ಪರೀಕ್ಷೆಯ ಹಲಗೆಗೆ ಹಾಕಿದರೆ ಸಾಲು ದೀಪ ಉರಿಯಬೇಕು.

ಬುಧವಾರ ಹೊಸ ಹುಡುಗಿ ರಾಣಿ ಮಾಡಿದ ಕಟ್ಟಿಗೆ ಎರಡು ದೀಪ ಉರಿಯಲಿಲ್ಲ. ವೇಣಿ ಟೇಪು ಬಿಚ್ಚಿ ನೋಡಿದಳು. ಸ್ವಿಚ್ಚಿನ ಕವಲಿನಿಂದ ರಿಲೇ ಕವಲಿಗೆ ಹೋಗಬೇಕಾದ ವೈರುಗಳ ಒಂದು ತುದಿ ಎಲ್ಲಿಗೂ ಸೇರದೆ ಟೇಪಿನ ಒಳಗೇ ಮಲಗಿತ್ತು.

"ಏನೇ ಇದು? ನೋಡೋಕೆ ಜಡೆ ಹಾಕ್ದಂಗೆ ಚೆಂದ ಇದೆ. ಈ ಕವಲಿಂದ ಆ ಕವಲಿಗೆ ಹೋಗೋದು ಎಲ್ಲಿ? ಎಲ್ಲಾ ನಡುವಿನ ಕಟ್ಟಿಗೆ ಜೋತುಬಿದ್ರೆ ದೀಪ ಉರಿಯುತ್ತಾ?"

ಪಕ್ಕದ ಹಲಗೆಯಲ್ಲಿದ್ದ ರಾಮಕ್ಕ ನಕ್ಕಳು. ನಾಗಸಂದ್ರದ ಹಳೇ ಊರಿನವಳು, ಶೆಡ್ಡಿಗೇ ಹಿರಿಯಳು. ವೇಣಿ ಸೋಮವಾರ ಊಟದ ಹೊತ್ತಿನಲ್ಲಿ ಮೇಷ್ಟ್ರನ್ನು ಬೈದದ್ದನ್ನೆಲ್ಲ ಕೇಳಿಸಿಕೊಂಡವಳು.

"ಅಯ್ಯೋ, ನಿಮ್ ಮೇಷ್ಟ್ರು ನಿಂಗಂದಿದ್ನೇ ಅಂಗೇ ಇವ್ಳಿಗೆ ದಾಟಿಸ್ತಾ ಇದ್ದೀಯಲ್ಲೇ! ಮಗೂನ ಯಾಕ್ ಬೈತೀಯ? ನಿಂದೂ ಇಂಗೇ ಅಲ್ವಾ?"

ರಾಣಿ ತಲೆ ತಗ್ಗಿಸಿಕೊಂಡೇ ಕಿಸಕ್ಕೆಂದಳು. ವೇಣಿಗೆ ನಗು ಬರಲಿಲ್ಲ. "ಕೆಲ್ಸ ನೋಡ್ರೇ" ಎಂದು ಹೊರಟವಳು ಕಟಿಂಗ್ ಮೇಜಿನ ಬಳಿ ನಿಂತಳು. ಅಲ್ಲಿ ವೈರುಗಳ ಪಟ್ಟಿ ಅಂಟಿಸಿತ್ತು. ಒಂದೊಂದು ವೈರಿಗೂ ಒಂದೊಂದು ಸಾಲು: ಎಲ್ಲಿಂದ, ಎಲ್ಲಿಗೆ, ಏನು ಒಯ್ಯುತ್ತದೆ. ಮೂರೂ ತುಂಬದಿದ್ದರೆ ಆ ವೈರನ್ನು ಕತ್ತರಿಸುವುದೇ ಇಲ್ಲ.

ಊಟಕ್ಕೆ ಕೂತಾಗ ನೋಟುಬುಕ್ಕಿನಲ್ಲಿ ಅದೇ ಮೂರು ಕಲಂ ಎಳೆದಳು. ಮೂರನೆಯದರಲ್ಲಿ 'ಸಂಬಂಧ ಇದೆ' ಎಂದು ಬರೆಯಬಾರದು, ಏನಾಗುತ್ತದೆ ಎಂದು ಬರೆಯಬೇಕು, ಅದನ್ನು ತಾನು ಕಣ್ಣಾರೆ ನೋಡಿರಬೇಕು ಎಂದು ತನಗೇ ಕಟ್ಟುಪಾಡು ಹಾಕಿಕೊಂಡಳು. ಮೊದಲನೇ ಸಾಲಿಗೇ ಅನ್ನ ತಣ್ಣಗಾಯಿತು. ವ್ಯಾಪ್ತಿಯಿಂದ... ಎಲ್ಲಿಗೆ? ಆರು ತಿಂಗಳ ಹಿಂದೆ ಅವಳ ಕೈಕೆಳಗೆ ಹದಿನಾಲ್ಕು ಜನ ಇದ್ದರು, ಈಗ ಇಪ್ಪತ್ತಾರು. ಒಬ್ಬಳೇ ಎಲ್ಲ ನೋಡಲಾಗದೆ ಟೇಪಿನ ಕೆಲಸದ ತೀರ್ಮಾನವನ್ನು ರಾಮಕ್ಕನಿಗೆ ಬಿಟ್ಟಿದ್ದಳು. ಬರೆದಳು: ವ್ಯಾಪ್ತಿಯಿಂದ ಅಧಿಕಾರ ವಹಿಸುವುದಕ್ಕೆ, ಜನ ಹೆಚ್ಚಿದರೆ ತೀರ್ಮಾನ ಹಂಚಲೇಬೇಕು.

ಶುಕ್ರವಾರದ ಹೊತ್ತಿಗೆ ಹದಿನೈದು ಗೆರೆಗಳಲ್ಲಿ ಆರು ಉಳಿದಿದ್ದವು. ಇಲಾಖೆಗಳನ್ನು ಒಡೆದಷ್ಟೂ ಸಮನ್ವಯ ಹೆಚ್ಚು ಬೇಕು: ಕಟಿಂಗಿನವರು ಕೆಂಪು ವೈರು ಕಳಿಸುವ ಹೊತ್ತಿಗೆ ಜೋಡಿಸುವವರು ನೀಲಿಗೆ ಕಾಯುತ್ತಿರುತ್ತಾರೆ. ಅಧಿಕಾರ ವಹಿಸುವುದು ಮೇಲಿಂದ ಕೆಳಗಿನವರೆಗೂ ಪದ್ಧತಿಯಾದರೆ ಅದೇ ವಿಕೇಂದ್ರೀಕರಣ. ಹೀಗೆ. ಗೆರೆಗಳಿಗೆ ಬಾಣದ ತುದಿ ಹಾಕಿದಳು, ಮೇಲೆ ಕ್ರಿಯಾಪದ ಬರೆದಳು. ಒಂದನ್ನು ಮಾತ್ರ ಎಷ್ಟು ಸಲ ಎಳೆದರೂ ಅಳಿಸಬೇಕಾಯಿತು. ಅಧಿಕಾರ ವಹಿಸುವ ಕೊಂಬೆಯ ತುದಿಯಲ್ಲಿ ಮೂರು ಕಡ್ಡಿಗಳಿದ್ದವು: ಹೊಣೆ, ಅಧಿಕಾರ, ಉತ್ತರದಾಯಿತ್ವ. ಹೊಣೆಯಿಂದ ಅಧಿಕಾರಕ್ಕೆ ಏನು ಹೋಗುತ್ತದೆ? ತಾನು ಕಂಡ ಒಂದೂ ಉದಾಹರಣೆ ಸಿಗಲಿಲ್ಲ. ಪೆನ್ಸಿಲ್ ಮುರಿಯಿತು.

ಶನಿವಾರ ಇರಣ್ಣ ಮೇಷ್ಟ್ರು ನಡುವಿನ ವೃತ್ತವನ್ನು ಅಂಗೈಯಿಂದ ಮುಚ್ಚಿದರು.

"ಈಗ ಹೇಳ್ರಿ. ನಿಮ್ಮ ಕೈಯಾಗ ಇಪ್ಪತ್ತಾರು ಮಂದಿ ಬಂದರು. ಎಲ್ಲಿಂದ ಎಲ್ಲಿಗೆ ಹೋಗ್ತೀರಿ?"

ವೇಣಿ ಬೆರಳಿಟ್ಟು ನಡೆದಳು. "ವ್ಯಾಪ್ತಿ ಜಾಸ್ತಿ ಆಯ್ತು, ಅಧಿಕಾರ ಹಂಚಬೇಕು. ಹಂಚಿದ್ರೂ ಮೇಲಿನೋರು ಉತ್ತರ ಕೊಡಲೇಬೇಕು, ಉತ್ತರದಾಯಿತ್ವನ ಕೆಳಗೆ ದಾಟ್ಸೋಕಾಗಲ್ಲ. ಹೊಣೆ ನನಗೆ ಬಂತು..." ಬೆರಳು ನಿಂತಿತು.

"ಅಲ್ಲಿಂದ?"

"ಇಲ್ಲಿಂದ ಗೆರೆ ಇಲ್ಲ ಸಾರ್. ಸಿಗಲಿಲ್ಲ."

"ಪುಸ್ತಕ ಏನ್ ಹೇಳತೈತಿ?"

"ಹೊಣೆ ಎಷ್ಟೋ ಅಧಿಕಾರನೂ ಅಷ್ಟೇ ಇರಬೇಕು ಅಂತ. ಬಾಯಿಪಾಠ ಬರುತ್ತೆ. ಆದ್ರೆ ನಾನು ನೋಡಿಲ್ಲ ಸಾರ್! ಕಟ್ಟು ರಿಜೆಕ್ಟ್ ಆದ್ರೆ ಮೀಟಿಂಗಲ್ಲಿ ನಿಲ್ಸೋದು ನನ್ನ. ಅದನ್ನ ಸರಿ ಮಾಡ್ಸೋಕೆ ಲೈನ್ ನಿಲ್ಲಿಸ್ಬೇಕು ಅಂದ್ರೆ ನಮ್ಮ ಮ್ಯಾನೇಜರ್ ಬಾಲಾಜಿ ಸಾರ್ ಸಹಿ ಬೇಕು. ಅವ್ರು ಸಿಗೋದು ಮಧ್ಯಾಹ್ನ. ಅಷ್ಟರಲ್ಲಿ ಇನ್ನೂ ಇಪ್ಪತ್ತು ಕೆಟ್ಟಿರುತ್ತೆ." ಅವಳ ದನಿ ಏರಿತ್ತು. ಹಿಂದಿನ ಬೆಂಚಿನವರು ತಲೆಯೆತ್ತಿದರು. "ಆರು ತಿಂಗಳಿಂದ ನನಗೇ ಕೆಲ್ಸ ಬರಲ್ವೇನೋ ಅಂದ್ಕೊಂಡಿದ್ದೆ."

ಮೇಷ್ಟ್ರು ಪೆನ್ಸಿಲ್ ಮುಂದಕ್ಕೆ ತಳ್ಳಿದರು. "ಚುಕ್ಕಿ ಗೆರೀ ಹಾಕ್ರಿ. ಇರಬೇಕು, ಇಲ್ಲ. ಅದೂ ಒಂದು ಸಂಬಂಧನ."

ಅವಳು ಚುಕ್ಕಿಗಳನ್ನು ಒತ್ತಿ ಒತ್ತಿ ಇಟ್ಟಳು. ಅವರು ಹಾಳೆಯ ಮೂಲೆಯಲ್ಲಿ ಸಹಿ ಹಾಕಿದರು. ಪರೀಕ್ಷೆ ಉಳಿಯಿತು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಸೋಮವಾರ ಶೆಡ್ಡಿನ ಆಫೀಸಿನಲ್ಲಿ ಬಾಲಾಜಿ ವೇಣಿ ತಂದುಕೊಟ್ಟ ನಕ್ಷೆಯನ್ನು ಮೊಬೈಲಿನ ಪಕ್ಕ ಇಟ್ಟುಕೊಂಡು ಕಣ್ಣಾಡಿಸಿದರು.

"ಚೆನ್ನಾಗಿದೆಯಮ್ಮಾ, ಕಲರ್‌ಫುಲ್ಲಾಗಿದೆ. ಇದೇನು ಚುಕ್ಕಿ? ಪೆನ್ನು ಖಾಲಿ ಆಯ್ತಾ?"

"ಇಲ್ಲ ಸಾರ್. ಅದು ನಿಮ್ಮ ಸಹಿ ಬೀಳಬೇಕಾದ ಜಾಗ."

ಅವರು ಮೊಬೈಲ್ ಕೆಳಗಿಟ್ಟರು. "ಏನು ಬೇಕು ಹೇಳಿ."

"ದೀಪ ಎರಡು ಸಲ ಉರಿಯದಿದ್ರೆ ಲೈನ್ ನಿಲ್ಲಿಸೋ ಅಧಿಕಾರ. ಬರವಣಿಗೆಯಲ್ಲಿ."

"ನೋಡೋಣ" ಎಂದರು ಬಾಲಾಜಿ. ಆ ಮಾತನ್ನು ಅವಳು ಆರು ತಿಂಗಳಲ್ಲಿ ಎಷ್ಟು ಸಲ ಕೇಳಿದ್ದಳೋ. ಈ ಸಲ ಹೊರಗೆ ಹೋಗಲಿಲ್ಲ. ನಕ್ಷೆಯನ್ನು ಅವರ ಮೇಜಿನ ಮೇಲೇ ಬಿಟ್ಟು, ಚುಕ್ಕಿ ಗೆರೆಯ ಮೇಲೆ ಬೆರಳಿಟ್ಟುಕೊಂಡು ನಿಂತಳು.