ಏಣಿಯ ಪ್ಯಾಂಟಿಗೆ ಗುರುತು

ಅಂಗಡಿಗಳ ಅಳತೆಪಟ್ಟಿ ಮುಗಿಯುವ ಕಡೆಯಿಂದಲೇ ಏಣಿಯ ಕಾಲು ಶುರುವಾಗುತ್ತದೆ. ಎತ್ತರದ ಅವಳಿಗೆ ಶಾಲೆಯಲ್ಲಿ ಅಂಟಿದ ಅಡ್ಡಹೆಸರು ಅದು, ಈಗ ಅದೇ ಹೆಸರು. ತಂಗಿ ಕುಳ್ಳಿಯದು ಉಲ್ಟಾ ಪಾಡು, ದೊಡ್ಡವರ ಬಟ್ಟೆಯ ಅತಿ ಚಿಕ್ಕ ಅಳತೆಯೂ ಅವಳ ಮೇಲೆ ನೇತಾಡುತ್ತಿತ್ತು. ಒಂದೇ ಮನೆಯಲ್ಲಿದ್ದಷ್ಟು ದಿನ ಒಬ್ಬಳ ಪ್ಯಾಂಟಿಗೆ ಇನ್ನೊಬ್ಬಳು ಮಂಡಿಯೂರಿ ಪಿನ್ನು ಚುಚ್ಚುತ್ತಿದ್ದಳು.

ಕುಳ್ಳಿಗೆ ದೂರದೂರಲ್ಲಿ ಕೆಲಸ ಸಿಕ್ಕಿದಾಗ ಏಣಿ ಮುಖ ಗಂಟು ಹಾಕಿಕೊಂಡು, "ಹೋಗು, ನನಗೇನು ನಷ್ಟ" ಅಂದುಬಿಟ್ಟಿದ್ದಳು. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ.

ಸೋಮವಾರ ಏಣಿ ಹೊಸ ಕೆಲಸಕ್ಕೆ ಸೇರಬೇಕು, ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ, ಎಲ್ಲರ ಕಣ್ಣೆದುರು. ಉದ್ದದವರಿಗೆಂದೇ ಅಂಚು ಮಡಿಸದೆ ಮಾರುವ ಪ್ಯಾಂಟನ್ನು ಎಲ್ಲೆಲ್ಲೋ ಹುಡುಕಿ ತರಿಸಿದ್ದಳು. ಒಬ್ಬಳೇ ಬಗ್ಗಿ ಗುರುತು ಹಾಕಿ, ಮಡಿಕೆಗೆ ಬಟ್ಟೆ ಬಿಟ್ಟು ಕತ್ತರಿಸಿ, ಹೊಲಿದು, ಕನ್ನಡಿ ಮುಂದೆ ನೆಟ್ಟಗೆ ನಿಂತಳು. ಹಿಮ್ಮಡಿ ಬಿಟ್ಟು ಪ್ಯಾಂಟು ಮೇಲಕ್ಕೆ ಹೋಗಿತ್ತು. ಅಳು ಬಂತು.

ಪ್ಯಾಂಟನ್ನೂ ಅದರ ಜೊತೆ ಹಾಕುವ ಕೋಟನ್ನೂ ಆಲ್ಟ್ರೇಶನ್ ಅಂಗಡಿಗೆ ಒಯ್ದಳು. ದರ್ಜಿ ಹೆಂಗಸು ಪ್ಯಾಂಟಿನ ಅಂಚು ತಿರುವಿ ನೋಡಿದಳು.

"ಗುರುತು ಯಾರಮ್ಮ ಹಾಕಿದ್ದು?"

"ನಾನೇ."

"ಬಗ್ಗಿದ್ರೆ ಮುಂದುಗಡೆ ಬಟ್ಟೆ ಪಾದದ ಮೇಲೆ ಇಳಿಯತ್ತೆ. ಜಾಸ್ತಿ ಇದೆ ಅನ್ಕೊಂಡು ಕತ್ತರಿಸ್ತೀರ. ತನ್ನ ಪ್ಯಾಂಟಿಗೆ ತಾನೇ ಗುರುತು ಹಾಕ್ಕೊಳೋಕೆ ಆಗಲ್ಲಮ್ಮ. ಇನ್ನೊಬ್ರು ಬೇಕು."

ಏಣಿ ಗೋಡೆ ಕಡೆ ನೋಡಿದಳು.

"ಮಡಿಕೆ ಪೂರ್ತಿ ಬಿಚ್ತೀನಿ. ಒಳಗಡೆ ಬೇರೆ ತೆಳು ಬಟ್ಟೆಯ ಪಟ್ಟಿ ಕೊಟ್ರೆ, ಇರೋ ಬಟ್ಟೆಯೆಲ್ಲ ಉದ್ದಕ್ಕೇ ಸಿಗತ್ತೆ. ಹಾಕ್ಕೊಳೋ ಚಪ್ಪಲಿನೇ ಹಾಕ್ಕೊಂಡು ನಿಂತ್ಕೊಳಿ. ಕೋಟಿಗೂ ನೋಡ್ತೀನಿ, ಮೊಣಕೈ ಸ್ವಲ್ಪ ಮಡಿಸಿ. ಕೈ ಬಿಗಿಯಾಗಿ ಚಾಚಿ ಅಳೆದ್ರೆ, ಬರೆಯೋಕೆ ಕೂತಾಗ ತೋಳು ಮೇಲೆ ಹೋಗ್ಬಿಡತ್ತೆ."

ದರ್ಜಿ ಮಂಡಿಯೂರಿದಳು. ಬೇರೆಯವರ ಬೆರಳು ಕಾಲಿಗೆ ತಾಗಿ ಎಷ್ಟು ಕಾಲವಾಯಿತು ಎಂದು ಏಣಿಗೆ ಅನಿಸಿತು. ಆ ಬೆರಳಿಗಿಂತ ತಂಗಿಯ ಬೆರಳು ಚಿಕ್ಕದು, ಪಿನ್ನು ಅಕ್ಕನ ಕಾಲಿಗೆ ಚುಚ್ಚಿಬಿಟ್ಟರೆ ಅವಳೇ "ಅಯ್ಯೋ" ಅನ್ನುತ್ತಿದ್ದಳು.

ಹೊರಗೆ ಬಂದವಳೇ ಫೋನು ಹಚ್ಚಿದಳು. ಹಮ್ಮು ಬಿಮ್ಮು ಎಲ್ಲಾ ಬದಿಗಿಟ್ಟಳು.

"ಕುಳ್ಳಿ, ನಿನ್ನ ಪ್ಯಾಂಟಿಗೆ ಯಾರೇ ಪಿನ್ನು ಹಾಕ್ತಾರೆ?"

"ಯಾರೂ ಇಲ್ಲ ಕಣೇ ಅಕ್ಕ. ಮಡಚ್ಕೊಂಡೇ ಓಡಾಡ್ತಿದೀನಿ. ಕೋಟಿನ ತೋಳು ಮುಂಗೈ ಹತ್ರ ಕತ್ತರಿಸಿ, ಗುಂಡಿ ಇರೋ ಸೀಳೇ ಹೋಯ್ತು."

"ತೋಳನ್ನ ಭುಜದ ಕಡೆಯಿಂದ ಗಿಡ್ಡ ಮಾಡಿಸ್ಬೇಕಿತ್ತು, ದಡ್ಡಿ."

"ಹೇಳೋಕೆ ನೀನೆಲ್ಲಿದ್ದೆ?"

ರಸ್ತೆಯಲ್ಲಿ ಜನ ಏಣಿಯ ಭುಜದ ಎತ್ತರದಲ್ಲಿ ಹಾದುಹೋಗುತ್ತಿದ್ದರು.

"ಭಾನುವಾರ ಬರ್ತೀನಿ," ಅಂದಳು. "ಮಂಡಿಯೂರೋಕೆ ಜಾಗ ಇದೆಯಾ ನಿನ್ನ ರೂಮಲ್ಲಿ?"

"ನಿನ್ನ ಕಾಲಿಗಾ? ಬಾಗಿಲು ತೆಗೆದಿಡ್ಬೇಕು," ಅಂದಳು ತಂಗಿ. ಆಮೇಲೆ ಇಬ್ಬರೂ ಅತ್ತರು.